ಗಾಜಿನ ತೊಟ್ಟಿಯಲ್ಲಿ ಬಂದ ಕಾರ್ಟೂನ್

1997ರಲ್ಲಿ ಸ್ಟೀಫನ್ ಹಿಲೆನ್‌ಬರ್ಗ್ ತಮ್ಮ ಹೊಸ ಕಾರ್ಟೂನ್ ಸರಣಿಯನ್ನು ಅಮೆರಿಕದ ಮಕ್ಕಳ ಚಾನೆಲ್ ನಿಕಲೋಡಿಯನ್‌ನವರ ಮುಂದಿಟ್ಟಾಗ ಹವಾಯಿ ಅಂಗಿ ತೊಟ್ಟಿದ್ದರು. ಜತೆಗೊಂದು ಗಾಜಿನ ತೊಟ್ಟಿ, ಅದರೊಳಗೆ ಕಡಲ ತಳದಲ್ಲಿ ಬದುಕುವ ಪಾತ್ರಗಳ ಪುಟ್ಟ ಗೊಂಬೆಗಳು, ಹಿನ್ನೆಲೆಗೆ ಹವಾಯಿ ಸಂಗೀತ. ಕಡತದ ಪುಟ ತಿರುವುವ ಮೊದಲೇ ಎದುರಿಗಿದ್ದವರಿಗೆ ಸರಣಿಯ ಊರು ಕಂಡಿತ್ತು. ಮುಂದೆ 'ಸ್ಪಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್' ಎಂದು ಜಗತ್ತಿಗೆಲ್ಲ ಪರಿಚಯವಾದದ್ದು ಇದೇ ಸರಣಿ.

ಚಾನೆಲ್‌ಗೆ ಹೀಗೆ ಸರಣಿ ಒಪ್ಪಿಸುವುದಕ್ಕೆ ಆನಿಮೇಷನ್ ಮಂದಿ 'ಪಿಚ್' ಎನ್ನುತ್ತಾರೆ. ಅದಕ್ಕಾಗಿ ಸಿದ್ಧಪಡಿಸುವ ಹತ್ತು ಹದಿನೈದು ಪುಟಗಳ ಸಚಿತ್ರ ಕಡತವೇ ಪಿಚ್ ಡೆಕ್. ಕಥೆಯ ತಿರುಳು ಒಂದೇ ವಾಕ್ಯದಲ್ಲಿ, ಯಾವ ವಯಸ್ಸಿನ ಮಕ್ಕಳಿಗೆ, ಕಂತು ಎಷ್ಟು ನಿಮಿಷ, ಪಾತ್ರಗಳು ಅಕ್ಕಪಕ್ಕ ನಿಂತ ಚಿತ್ರ, ಒಂದಷ್ಟು ಕಂತುಗಳ ಕಥಾಬೀಜ: ಇಷ್ಟು ಅದರಲ್ಲಿರುತ್ತದೆ. ಜತೆಗೆ ಒಂದೆರಡು ನಿಮಿಷದ ಟೀಸರ್ ಇದ್ದರೆ ಪಾತ್ರ ಹೇಗೆ ನಡೆಯುತ್ತದೆ, ಹೇಗೆ ಮಾತಾಡುತ್ತದೆ ಎಂಬುದೂ ತಿಳಿಯುತ್ತದೆ.

ಸರಣಿಯನ್ನು ಆರಿಸುವ ಕಮಿಷನಿಂಗ್ ಎಡಿಟರ್‌ಗೆ ಬೇಕಿರುವುದು ಒಂದು ಒಳ್ಳೆಯ ಕಥೆಯಲ್ಲ. ಅವರು ಕೊಳ್ಳುವುದು ಇಪ್ಪತ್ತಾರೋ ಐವತ್ತೆರಡೋ ಕಂತುಗಳನ್ನು. ಈ ಪಾತ್ರಗಳನ್ನು ಒಂದೆಡೆ ಬಿಟ್ಟರೆ ವಾರವಾರ ಹೊಸ ರಗಳೆ ತಾನಾಗಿ ಹುಟ್ಟುತ್ತದೆಯೇ ಎಂಬುದೇ ಅವರ ಪ್ರಶ್ನೆ. ಎಷ್ಟೋ ಡೆಕ್‌ಗಳು ಸೋಲುವುದು ಇಲ್ಲೇ. ನಾಯಕನ ಹುಟ್ಟು, ಶಾಪ, ಕಳೆದುಹೋದ ರಾಜ್ಯ ಎಲ್ಲ ನಾಲ್ಕು ಪುಟ ತುಂಬಿರುತ್ತವೆ. ಏಳನೇ ಕಂತಿನಲ್ಲಿ ಏನಾಗುತ್ತದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಹಿಲೆನ್‌ಬರ್ಗ್ ಬಳಿ ಉತ್ತರವಿತ್ತು. ಕ್ಯಾಲಿಫೋರ್ನಿಯಾದ ಕಡಲ ತೀರದ ಸಂಸ್ಥೆಯೊಂದರಲ್ಲಿ ಕಡಲ ಜೀವಿಗಳ ಬಗ್ಗೆ ಪಾಠ ಹೇಳುತ್ತಿದ್ದವರು ಅವರು. ಮಕ್ಕಳಿಗೆಂದು 1980ರ ದಶಕದಲ್ಲೇ ಒಂದು ಚಿತ್ರಕಥೆ ಪುಸ್ತಕ ಬರೆದಿದ್ದರು. ಅದರ ನಿರೂಪಕನೇ ಒಂದು ಸ್ಪಂಜು. ಸರಣಿಗಾಗಿ ಮೊದಲು ಕಡಲ ಸ್ಪಂಜಿನ ಅಂಕುಡೊಂಕು ಆಕಾರವನ್ನೇ ಬರೆದು ನೋಡಿದರು. ಆಮೇಲೆ ಪಾತ್ರೆ ತೊಳೆಯುವ ಚೌಕಾಕಾರದ ಸ್ಪಂಜಿಗೆ ಬಂದರು. ಆ ಪೆದ್ದುಪೆದ್ದಾದ ಚೌಕ ಸ್ಪಂಜ್‌ಬಾಬ್‌ನ ಸ್ವಭಾವಕ್ಕೆ ಚೆನ್ನಾಗಿ ಹೊಂದಿತು.

ಮೊದಲ ಭೇಟಿಯ ನಂತರ ಚಾನೆಲ್ ಒಂದಿಷ್ಟು ಹಣ, ಎರಡು ವಾರ ಸಮಯ ಕೊಟ್ಟು ಮೊದಲ ಕಂತು ಬರೆದು ತರಲು ಹೇಳಿತು. ಹಿಲೆನ್‌ಬರ್ಗ್ ಮತ್ತು ಅವರ ಜತೆಗಾರರಾದ ಡೆರೆಕ್ ಡ್ರೈಮನ್, ನಿಕ್ ಜೆನಿಂಗ್ಸ್ ಮತ್ತೆ ಬಂದು ಅದನ್ನು ಅಭಿನಯಿಸಿ ತೋರಿಸಿದರು. ನಕ್ಕು ನಕ್ಕು ಸುಸ್ತಾದ ಅಧಿಕಾರಿಗಳು ಕೋಣೆಯಿಂದ ಹೊರಗೆ ಹೋಗಬೇಕಾಯಿತಂತೆ.

ಆ ಕಂತಿನ ಕಥೆ ಇಷ್ಟೇ. ಹೋಟೆಲಿನಲ್ಲಿ ಅಡುಗೆ ಕೆಲಸ ಕೇಳಿಕೊಂಡು ಸ್ಪಂಜ್‌ಬಾಬ್ ಬರುತ್ತಾನೆ. ಮಾಲೀಕನಿಗೂ ಅಲ್ಲಿ ದುಡಿಯುವ ಸ್ಕ್ವಿಡ್‌ವರ್ಡ್‌ಗೂ ಅವನನ್ನು ಸಾಗಹಾಕಿದರೆ ಸಾಕು. ಎಲ್ಲೂ ಸಿಗಲಾರದ ವಿಚಿತ್ರ ಮಗುಚುವ ಕೈಯೊಂದನ್ನು ತರಲು ಕಳಿಸುತ್ತಾರೆ. ಅಷ್ಟರಲ್ಲಿ ಬಸ್ಸುಗಟ್ಟಲೆ ಹಸಿದ ಮೀನುಗಳು ಹೋಟೆಲಿಗೆ ನುಗ್ಗುತ್ತವೆ. ಅವನೋ ಅದೇ ಮಗುಚುವ ಕೈ ಹಿಡಿದು ಬಂದು ಅಷ್ಟೂ ಹೊಟ್ಟೆ ತುಂಬಿಸಿಬಿಡುತ್ತಾನೆ. ಉತ್ಸಾಹದ ಹುಡುಗ, ಜಿಪುಣ ಮಾಲೀಕ, ಸದಾ ಸಿಡುಕುವ ಸಹೋದ್ಯೋಗಿ. ಮೂವರನ್ನೂ ಒಂದೇ ಹೋಟೆಲಿನಲ್ಲಿ ಕಟ್ಟಿಹಾಕಿದ ಮೇಲೆ ಮುಂದಿನ ಕಥೆಗೆ ಬರವೆಲ್ಲಿ?

ಟೀಸರ್‌ಗೂ ಇದೇ ಅಳತೆಗೋಲು. ಅದು ಬರೀ ಚೆಂದವಾಗಿದ್ದರೆ ಸಾಲದು. ತಿಂಗಳುಗಟ್ಟಲೆ ತಿದ್ದಿದ ಹೋರಾಟದ ದೃಶ್ಯ ಕಣ್ಣು ಕೋರೈಸಬಹುದು, ಆದರೆ ಸರಣಿಯ ಬಜೆಟ್‌ನಲ್ಲಿ ಆ ಗುಣಮಟ್ಟ ಬಾರದೆಂದು ಅನುಭವಿ ಎಡಿಟರ್‌ಗೆ ಕೂಡಲೇ ಗೊತ್ತಾಗುತ್ತದೆ. ಎರಡು ಪಾತ್ರಗಳು ಒಂದು ಬಾಗಿಲ ಬಳಿ ಜಗಳಾಡುವ ನಲವತ್ತು ಸೆಕೆಂಡು ಅದಕ್ಕಿಂತ ಹೆಚ್ಚು ಹೇಳೀತು.

ಇದಕ್ಕೊಂದು ಉದಾಹರಣೆ ಆನಿಮೇಟರ್ ಪೆಂಡಲ್‌ಟನ್ ವಾರ್ಡ್ ಅವರ 'ಅಡ್ವೆಂಚರ್ ಟೈಮ್'. ಆ ಕಿರುಚಿತ್ರವನ್ನು ಅಂತರ್ಜಾಲದಲ್ಲಿ ಜನ ಮುಗಿಬಿದ್ದು ನೋಡಿದ್ದರು. ಆದರೂ ನಿಕಲೋಡಿಯನ್ ಬೇಡವೆಂದಿತು. ಕಾರ್ಟೂನ್ ನೆಟ್‌ವರ್ಕ್ ಆಸಕ್ತಿ ತೋರಿತು, ಆದರೆ ಇದು ಒಂದೇ ಕಥೆಗೆ ಮುಗಿಯುವಂಥದ್ದಲ್ಲ ಎಂದು ಸಾಬೀತುಮಾಡಿ ಎಂದಿತು. ವಾರ್ಡ್ ತಂಡ ಇನ್ನೊಂದು ಕಥೆಯ ಸ್ಟೋರಿಬೋರ್ಡ್ ತೋರಿಸಿದ ಮೇಲೆಯೇ ಒಪ್ಪಿಗೆ ಸಿಕ್ಕಿದ್ದು. ಸರಣಿ ತೆರೆಗೆ ಬಂದದ್ದು 2010ರಲ್ಲಿ.

ಪಿಚ್ ಗೆದ್ದರೂ ಚೌಕಾಶಿ ಮುಗಿಯುವುದಿಲ್ಲ. ಹಿಲೆನ್‌ಬರ್ಗ್ ಇಟ್ಟಿದ್ದ 'ಸ್ಪಂಜ್‌ಬಾಯ್' ಎಂಬ ಮೂಲ ಹೆಸರು ಆಗಲೇ ಬೇರೊಬ್ಬರ ಸ್ವತ್ತಾಗಿತ್ತು, ಬದಲಿಸಬೇಕಾಯಿತು. ಸ್ಪಂಜ್‌ಬಾಬ್ ಶಾಲೆಗೆ ಹೋಗುವ ಹುಡುಗನಾಗಲಿ ಎಂದು ಚಾನೆಲ್ ಪಟ್ಟು ಹಿಡಿಯಿತು. ಹಿಲೆನ್‌ಬರ್ಗ್‌ಗೆ ಅವನು ದುಡಿಯುವ ದೊಡ್ಡವನಾಗಿಯೇ ಬೇಕಿತ್ತು. ಸರಣಿಯನ್ನೇ ಬಿಡಲು ತಯಾರಾದರು. ಕೊನೆಗೆ ರಾಜಿಯಾದದ್ದು ದೋಣಿ ಓಡಿಸಲು ಕಲಿಸುವ ಶಾಲೆಯೊಂದಿಗೆ. ಆ ಪರೀಕ್ಷೆಯಲ್ಲಿ ಅವನು ಇಂದಿಗೂ ಫೇಲಾಗುತ್ತಲೇ ಇದ್ದಾನೆ.