ಮೆಣಸಿನಕಾಯಿಯ ಪ್ರಬಂಧ, ಕಂಪನಿಯ ಪ್ರಶ್ನೆ

ಪುಣೆಯ ಗುಲ್‌ಟೇಕ್ಡಿಯಲ್ಲಿರುವ ಮಾರ್ಕೆಟ್ ಯಾರ್ಡ್‌ನ ಭುಸಾರ ವಿಭಾಗಕ್ಕೆ ಬ್ಯಾಡಗಿಯ ಮೆಣಸಿನಕಾಯಿಯೂ ಬರುತ್ತದೆ, ಗುಂಟೂರಿನದೂ ಬರುತ್ತದೆ. ವ್ಯಾಪಾರಿ ಚೀಲದೊಳಗೆ ಕೈಹಾಕಿ ನಾಲ್ಕು ಕಾಯಿ ತೆಗೆಯುತ್ತಾನೆ. ಅಲುಗಿಸಿ ಬೀಜದ ಸದ್ದು ಕೇಳುತ್ತಾನೆ, ಮುರಿದು ಒಳಗಡೆ ಬೂಸಲು ಇದೆಯೇ ನೋಡುತ್ತಾನೆ, ದರ ಹೇಳುತ್ತಾನೆ. ಇದೇ ಸರಕಿನ ಮೇಲೆ ನಾಲ್ಕೈದು ವರ್ಷ ಸಂಶೋಧನೆ ಮಾಡಿದವರು ಇಂಟರ್ನ್‌ಶಿಪ್ ಕೇಳಿಕೊಂಡು ಮಸಾಲೆ ಕಂಪನಿಗೋ ಪರೀಕ್ಷಾ ಪ್ರಯೋಗಾಲಯಕ್ಕೋ ಅರ್ಜಿ ಹಾಕುವಾಗ, ತಮಗೆ ತಿಳಿದಿರುವುದನ್ನು ಆ ವ್ಯಾಪಾರಿಯಷ್ಟು ನೇರವಾಗಿ ಹೇಳುವುದಿಲ್ಲ.

ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಎಂದಿಟ್ಟುಕೊಳ್ಳಿ. ಹಾವೇರಿ ಕಡೆಯವಳು, ಪುಣೆಯಲ್ಲಿ ಪಿಎಚ್‌ಡಿ. ಪ್ರಬಂಧದ ವಿಷಯ ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಪತ್ತೆ. ಆಸ್ಪರ್ಜಿಲಸ್ ಜಾತಿಯ ಬೂಸಲು ಉತ್ಪಾದಿಸುವ ಈ ವಿಷ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಕಾಯಿ ಸರಿಯಾಗಿ ಒಣಗದಿದ್ದರೆ, ಇಲ್ಲವೇ ತೂಕ ಬರಲೆಂದು ನೀರು ಚಿಮುಕಿಸಿದ್ದರೆ, ಬೂಸಲಿಗೆ ಅನುಕೂಲ. ಯುರೋಪಿನ ಮಿತಿ ಬಿಗಿಯಾದುದು: ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ನಾಲ್ಕು ಬಗೆಗಳೂ ಸೇರಿ 10 ಮೈಕ್ರೋಗ್ರಾಂ ದಾಟಬಾರದು. ದಾಟಿದ ಸರಕು ಬಂದರಿನಲ್ಲೇ ನಿಲ್ಲುತ್ತದೆ. ಹೀಗಾಗಿ ರಫ್ತುದಾರರಿಗೆ ಈ ಪರೀಕ್ಷೆ ವ್ಯವಹಾರದ ಪ್ರಶ್ನೆ.

ಅವಳ ಮೊದಲ ಪ್ರೊಫೈಲ್‌ನಲ್ಲಿ ಹೀಗಿರುತ್ತದೆ: ಪ್ರಬಂಧದ ಉದ್ದನೆಯ ಶೀರ್ಷಿಕೆ, ಅದರ ಕೆಳಗೆ ‘ಎಚ್‌ಪಿಎಲ್‌ಸಿ, ಎಫ್‌ಟಿಐಆರ್, ಯುವಿ, ಅಂಕಿಅಂಶ ವಿಶ್ಲೇಷಣೆ ಬಲ್ಲೆ’ ಎಂಬ ಸಾಲು. ಓದುವವರಿಗೆ ಇದರಿಂದ ತಿಳಿಯುವುದು ಅವಳ ವಿಭಾಗದಲ್ಲಿ ಯಾವ್ಯಾವ ಯಂತ್ರಗಳಿವೆ ಎಂಬುದಷ್ಟೇ. ಯಂತ್ರದ ಹೆಸರಿನ ಜಾಗಕ್ಕೆ ಮೂರು ಸಂಗತಿ ಬರಬೇಕು: ಯಾವ ಸರಕಿನಲ್ಲಿ ಏನನ್ನು ಅಳೆದಳು, ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲಳು, ಆ ಅಳತೆಯನ್ನು ಎಷ್ಟು ನಂಬಬಹುದು.

ಮೂರನೆಯದರಲ್ಲಿ ಹೆಚ್ಚಿನವರು ಎಡವುತ್ತಾರೆ. ವಿಷವಿಲ್ಲದ ಮೆಣಸಿನಪುಡಿಗೆ ಅವಳು ಕಿಲೋಗೆ 5 ಮೈಕ್ರೋಗ್ರಾಂ ಲೆಕ್ಕದಲ್ಲಿ ಬಿ1 ಬೆರೆಸಿ ಅಳೆದಾಗ ಸರಾಸರಿ 4.3 ಸಿಕ್ಕಿತು ಎನ್ನೋಣ. ಅಂದರೆ ಶೇಕಡಾ 86 ಮರಳಿ ಸಿಕ್ಕಿತು. ಪ್ರಬಂಧದಲ್ಲಿ ಇದು ಯಾವುದೋ ಕೋಷ್ಟಕದ ಮೂಲೆಯಲ್ಲಿ ಕೂತಿರುತ್ತದೆ. ಕಂಪನಿಯ ಗುಣಮಟ್ಟ ವಿಭಾಗದವರು ಹುಡುಕುವುದೇ ಈ ಅಂಕಿಯನ್ನು, ಏಕೆಂದರೆ ವರದಿಗೆ ಸಹಿ ಹಾಕುವವರು ಅವರು. ತಿದ್ದಿದ ಸಾಲು ಹೀಗಾಗುತ್ತದೆ (ಅರ್ಜಿ ಇಂಗ್ಲಿಷಿನಲ್ಲೇ ಹೋಗುತ್ತದೆ, ಇಲ್ಲಿ ಅದರ ತಿರುಳು): ‘ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಅನ್ನು ಕಿಲೋಗೆ 1 ಮೈಕ್ರೋಗ್ರಾಂವರೆಗೆ ಅಳೆಯುವ ಎಚ್‌ಪಿಎಲ್‌ಸಿ ವಿಧಾನ ರೂಪಿಸಿ ದೃಢೀಕರಿಸಿದ್ದೇನೆ. ಯುರೋಪಿನ ಮಿತಿಯ ಮಟ್ಟದಲ್ಲಿ ರಿಕವರಿ ಶೇ 86.’ ಒಂದೇ ಸಾಲಿನಲ್ಲಿ ಸರಕು, ಮಿತಿ, ಭರವಸೆ ಮೂರೂ ಬಂದವು. ಯಂತ್ರದ ಹೆಸರು ತನ್ನ ಪಾಡಿಗೆ ತಾನು ನಡುವೆ ಬಂತು.

ಇನ್ನೊಂದು ಸಾಮರ್ಥ್ಯವನ್ನು ಅವಳು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಅಫ್ಲಾಟಾಕ್ಸಿನ್ ಚೀಲದುದ್ದಕ್ಕೂ ಸಮನಾಗಿ ಹರಡಿರುವುದಿಲ್ಲ. ಬೂಸಲು ಹಿಡಿದ ಕೆಲವೇ ಕಾಯಿಗಳಲ್ಲಿ ಬಹುಪಾಲು ವಿಷ ಕೂತಿರುತ್ತದೆ. ಮೇಲಿನಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಫಲಿತಾಂಶ ಸೊನ್ನೆ ಬರಬಹುದು, ಮಾರನೆಯ ದಿನ ಅದೇ ಚೀಲದ ಇನ್ನೊಂದು ಹಿಡಿಯಲ್ಲಿ 20 ಬರಬಹುದು. ಎರಡು ಸಲವೂ ಯಂತ್ರ ಸರಿಯಾಗಿಯೇ ಹೇಳಿದೆ. ಈ ಪರೀಕ್ಷೆಯಲ್ಲಿ ಯಂತ್ರದ ದೋಷಕ್ಕಿಂತ ಮಾದರಿ ತೆಗೆಯುವಾಗಿನ ದೋಷವೇ ಸಾಮಾನ್ಯವಾಗಿ ದೊಡ್ಡದು. ಇದು ಗೊತ್ತಿದ್ದೇ ಅವಳು ಮಾರ್ಕೆಟ್ ಯಾರ್ಡ್‌ನಲ್ಲಿ ಹಲವು ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು, ಎರಡು ಕಿಲೋ ಕೂಡಿಸಿ, ಪೂರ್ತಿ ಪುಡಿಮಾಡಿ, ಕಲಸಿ, ಆಮೇಲೆ 25 ಗ್ರಾಂ ತೂಗಿದಳು. ಪ್ರಬಂಧದಲ್ಲಿ ಇದಕ್ಕೆ ಸಿಕ್ಕಿದ್ದು ಅರ್ಧ ಪುಟ. ಲಾಟ್ ಸ್ವೀಕರಿಸಬೇಕೋ ಬೇಡವೋ ಎಂದು ದಿನವೂ ತೀರ್ಮಾನಿಸುವ ಮಸಾಲೆ ಕಂಪನಿಗೆ ಅವಳ ಉಳಿದೆಲ್ಲ ಅಧ್ಯಾಯಗಳಿಗಿಂತ ಈ ಅರ್ಧ ಪುಟವೇ ಬೆಲೆಯುಳ್ಳದ್ದು ಎಂಬುದು ನನ್ನ ಅಂದಾಜು.

ಆದ್ದರಿಂದ ಒಂದೇ ಪ್ರೊಫೈಲ್ ಎಲ್ಲರಿಗೂ ಕಳಿಸುವುದು ವ್ಯರ್ಥ. ಮಸಾಲೆ ಕಂಪನಿಗೆ ಮಾದರಿ ತೆಗೆದ ಕೆಲಸ ಮೊದಲ ಸಾಲಾಗಲಿ. ಪರೀಕ್ಷಾ ಪ್ರಯೋಗಾಲಯಕ್ಕೆ ವಿಧಾನದ ದೃಢೀಕರಣ ಮೊದಲಾಗಲಿ. ಯಂತ್ರ, ಕಾಲಮ್ ಮಾರುವ ಕಂಪನಿಗೆ ಹೇಳಬೇಕಾದದ್ದು ಕೆಟ್ಟುಹೋದ ದಿನಗಳ ಕಥೆ. ಮೆಣಸಿನ ಬಣ್ಣ, ಎಣ್ಣೆ ಕಾಲಮ್‌ಗೆ ಕಟ್ಟಿಕೊಂಡು ಒತ್ತಡ ಏರಿದಾಗ ಏನು ಮಾಡಿದಳು? ಬಿ1 ನೀರು ಬೆರೆತ ದ್ರಾವಣದಲ್ಲಿ ಮಂದವಾಗಿ ಹೊಳೆಯುತ್ತದೆ, ಹಾಗಾಗಿ ಕಾಲಮ್ ದಾಟಿದ ಮೇಲೆ ಅದನ್ನು ರಾಸಾಯನಿಕವಾಗಿಯೋ ಬೆಳಕಿನಿಂದಲೋ ಬದಲಿಸಿ ಹೊಳಪು ಹೆಚ್ಚಿಸಬೇಕು. ಆ ಹಂತ ಕೈಕೊಟ್ಟಿದೆ ಎಂದು ಅವಳಿಗೆ ಹೇಗೆ ಗೊತ್ತಾಯಿತು? ಬಿ2 ಶಿಖರ ಎಂದಿನಂತಿದ್ದು ಬಿ1 ಮಾತ್ರ ಕುಗ್ಗಿತು. ಇಂಥ ಒಂದು ಗುರುತು ಹೇಳಿದರೆ ಎದುರಿನವರಿಗೆ ಇವಳು ಯಂತ್ರದ ಮುಂದೆ ನಿಜವಾಗಿ ನಿಂತವಳೆಂದು ತಿಳಿಯುತ್ತದೆ.

ಬರೆದ ಪ್ರತಿ ಸಾಲಿಗೂ ‘ಹೇಗೆ ಮಾಡಿದೆ’, ‘ತಪ್ಪಿದರೆ ಹೇಗೆ ತಿಳಿಯುತ್ತದೆ’, ‘ದಿನಕ್ಕೆ ಎಷ್ಟು’ ಎಂದು ಲ್ಯಾಬಿನ ಜತೆಗಾರರಿಂದ ಕೇಳಿಸಿಕೊಳ್ಳಿ. ಉತ್ತರ ತಡವರಿಸಿದ ಸಾಲನ್ನು ಅಳಿಸಿ. ಮೂರನೆಯ ಪ್ರಶ್ನೆಗೆ ಪಿಎಚ್‌ಡಿಯವರ ಉತ್ತರ ಸಾಮಾನ್ಯವಾಗಿ ಸಪ್ಪೆ. ಅವಳು ದಿನಕ್ಕೆ ಆರು ಮಾದರಿ ಮುಗಿಸುತ್ತಿದ್ದರೆ, ವಾಣಿಜ್ಯ ಪ್ರಯೋಗಾಲಯಕ್ಕೆ ಅದು ಬಹಳ ನಿಧಾನ. ಮುಚ್ಚಿಡುವುದು ಬೇಡ, ಆರು ಎಂದೇ ಹೇಳಲಿ. ಹಾಗೆಯೇ ಐಎಸ್‌ಒ 17025 ಮಾನ್ಯತೆಯಿರುವ ಪ್ರಯೋಗಾಲಯದಲ್ಲಿ ಕೆಲಸ ಮಾಡದೆ ಆ ಸಂಖ್ಯೆಯನ್ನು ಕೌಶಲದ ಪಟ್ಟಿಗೆ ಸೇರಿಸಬಾರದು. ತೂಕದ ಯಂತ್ರ ಪರಿಶೀಲಿಸಿದ ದಿನಚರಿ, ತಿದ್ದಿದ ಅಂಕಿಯನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ ಸಹಿ, ದಿನಾಂಕ ಹಾಕುವ ರೂಢಿ ಇದ್ದರೆ ಅದನ್ನು ಇದ್ದಂತೆ ಬರೆದರೆ ಸಾಕು. ಆಡಿಟ್ ಎದುರಿಸಿದವರಿಗೆ ಅದರ ಬೆಲೆ ಗೊತ್ತು.

ಸಮಯದ ಲೆಕ್ಕವೂ ಇದೆ. ಹೊಸ ಮೆಣಸಿನಕಾಯಿಯ ಆವಕ ಜೋರಾಗುವುದು ಜನವರಿಯಿಂದ ಏಪ್ರಿಲ್‌ವರೆಗೆ. ಅವಳ ಮಾದರಿ ಸಂಗ್ರಹವೂ ಆಗಲೇ ನಡೆಯಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳು ಕೇಳಿದರೆ ಮಾರ್ಗದರ್ಶಕರು ಒಪ್ಪುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಗೋದಾಮಿನ ತೇವ ಏರುವುದರಿಂದ ಕಂಪನಿಗೂ ಆಗ ಈ ಪರೀಕ್ಷೆಯ ಕೆಲಸ ಇದ್ದೇ ಇರುತ್ತದೆ.

ಕೊನೆಯದಾಗಿ ಒಂದು ಎಚ್ಚರ. ಪ್ರೊಫೈಲ್‌ನಲ್ಲಿ ಹಾಕುವುದೂ ಪ್ರಕಟಣೆಯೇ. ಮಾದರಿ ಶುದ್ಧಿಗೆ ಹೊಸ ಉಪಾಯ ಕಂಡುಹಿಡಿದಿದ್ದು ಪೇಟೆಂಟ್ ಯೋಚನೆ ಇದ್ದರೆ, ಅದರ ವಿವರ ಹೊರಗೆ ಬಿದ್ದ ಮೇಲೆ ಹೊಸತನದ ಹಕ್ಕಿಗೇ ತೊಡಕಾಗಬಹುದು. ತಾತ್ಕಾಲಿಕ ಪೇಟೆಂಟ್ ಅರ್ಜಿ ಮೊದಲು ಹಾಕಿದರೆ ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು ಸಿಗುತ್ತವೆ. ಮಾದರಿ ಕೊಟ್ಟ ವ್ಯಾಪಾರಿಯ ಹೆಸರು, ಅವನ ಲಾಟಿನ ಫಲಿತಾಂಶ ಎಂದೂ ಹೊರಗೆ ಬರಬಾರದು. ಫೆಲೋಶಿಪ್ ಪಡೆಯುತ್ತಿದ್ದರೆ ಕಂಪನಿ ಕೊಡುವ ಭತ್ಯೆಗೆ ಅವಕಾಶವಿದೆಯೇ ಎಂದು ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿ, ಮಾರ್ಗದರ್ಶಕರ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಪತ್ರದಲ್ಲಿ ಪಡೆದು, ಆಮೇಲೆ ಅರ್ಜಿ ಕಳಿಸಿ.