ಹೈಡ್ರೋಜನ್ ಗೆರೆಗಳು ಎಲ್ಲಿ ಮುಗಿಯುತ್ತವೆ?

ಗಾಜಿನ ನಳಿಗೆಯಲ್ಲಿ ಸ್ವಲ್ಪವೇ ಹೈಡ್ರೋಜನ್ ಇಟ್ಟು ವಿದ್ಯುತ್ ಹಾಯಿಸಿದರೆ ಅದು ನಸುಗೆಂಪಾಗಿ ಹೊಳೆಯುತ್ತದೆ. ಆ ಬೆಳಕನ್ನು ಪಟ್ಟಕದ ಮೂಲಕ ನೋಡಿದರೆ ಕತ್ತಲಲ್ಲಿ ಬಿಡಿ ಬಿಡಿ ಗೆರೆಗಳು ಕಾಣುತ್ತವೆ. ಕೆಂಪು ಗೆರೆ 656.3 ನ್ಯಾನೋಮೀಟರ್ ತರಂಗಾಂತರದ್ದು, ಮುಂದಿನವು 486.1, 434.0, 410.2. ಗೆರೆಗಳ ನಡುವಿನ ಅಂತರ 170, 52, 24 ಎಂದು ಕುಗ್ಗುತ್ತ ಹೋಗುತ್ತದೆ.

1885ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಶಾಲಾ ಶಿಕ್ಷಕ ಯೋಹಾನ್ ಬಾಲ್ಮರ್ ಈ ನಾಲ್ಕು ಸಂಖ್ಯೆಗಳ ನಂಟನ್ನು ಕಂಡುಹಿಡಿದರು. 364.6 ಅನ್ನು 9/5ರಿಂದ ಗುಣಿಸಿದರೆ ಮೊದಲ ಗೆರೆ, 16/12ರಿಂದ ಎರಡನೆಯದು, 25/21ರಿಂದ ಮೂರನೆಯದು, 36/32ರಿಂದ ನಾಲ್ಕನೆಯದು. ಮೇಲಿರುವುದು 3, 4, 5, 6ರ ವರ್ಗ. ಕೆಳಗಿರುವುದು ಅದಕ್ಕಿಂತ ನಾಲ್ಕು ಕಡಿಮೆ. ಲೆಕ್ಕ ಸರಿಬಂತು. ಆದರೆ 364.6 ಎಂದರೇನು ಎಂಬುದು ಬಾಲ್ಮರ್‌ಗೂ ತಿಳಿದಿರಲಿಲ್ಲ.

ಉತ್ತರ ಕೊಟ್ಟವರು ನೀಲ್ಸ್ ಬೋರ್, 1913ರಲ್ಲಿ. ಪರಮಾಣುವಿನ ಎಲೆಕ್ಟ್ರಾನ್ ಕೆಲವು ನಿಗದಿತ ಶಕ್ತಿಮಟ್ಟಗಳಲ್ಲಿ ಮಾತ್ರ ಇರಬಲ್ಲದು. ಬಿಡುಗಡೆಯಾಗಿ ನಿಂತ ಎಲೆಕ್ಟ್ರಾನಿನ ಶಕ್ತಿಯನ್ನು ಸೊನ್ನೆ ಎಂದಿಟ್ಟುಕೊಂಡರೆ ಮೊದಲ ಮಟ್ಟ −13.6 ಎಲೆಕ್ಟ್ರಾನ್ ವೋಲ್ಟ್, ಎರಡನೆಯದು ಅದರ ನಾಲ್ಕನೇ ಒಂದು ಭಾಗ, ಅಂದರೆ −3.40, ಮೂರನೆಯದು ಒಂಬತ್ತನೇ ಒಂದು ಭಾಗ, −1.51. ಮೂರರಿಂದ ಎರಡಕ್ಕೆ ಇಳಿದ ಎಲೆಕ್ಟ್ರಾನ್ 1.89 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. 1240 ಅನ್ನು ಈ ಶಕ್ತಿಯಿಂದ ಭಾಗಿಸಿದರೆ ತರಂಗಾಂತರ ನ್ಯಾನೋಮೀಟರಿನಲ್ಲಿ ಸಿಗುತ್ತದೆ: 656. ಅದೇ ಕೆಂಪು ಗೆರೆ.

ಇನ್ನೂ ಮೇಲಿನ ಮಟ್ಟಗಳಿಂದ ಎರಡಕ್ಕೆ ಇಳಿದರೆ? ಮಟ್ಟಗಳು ಎಷ್ಟಾದರೂ ಇವೆ, ಆದರೆ ಎಲ್ಲವೂ ಸೊನ್ನೆಯ ಕೆಳಗೇ ಒತ್ತೊತ್ತಾಗಿವೆ. ಆದ್ದರಿಂದ ಇಳಿತ 3.40 ಎಲೆಕ್ಟ್ರಾನ್ ವೋಲ್ಟನ್ನು ಮೀರಲಾರದು. 1240 ಅನ್ನು 3.40ರಿಂದ ಭಾಗಿಸಿ: ಸುಮಾರು 365. ಬಾಲ್ಮರ್ ಸಂಖ್ಯೆಯ ಅರ್ಥ ಇದೇ. ಅದು ಶ್ರೇಣಿಯ ಮಿತಿ, ಎರಡನೇ ಮಟ್ಟದಿಂದ ಎಲೆಕ್ಟ್ರಾನನ್ನು ಪೂರ್ತಿ ಕಿತ್ತುಹಾಕಲು ಬೇಕಾದ ಬೆಳಕಿನ ತರಂಗಾಂತರ. ಮೊದಲ ಮಟ್ಟಕ್ಕೆ ಇಳಿಯುವ ಲೈಮನ್ ಶ್ರೇಣಿಗೆ ಇದೇ ಲೆಕ್ಕ ಹಾಕಿದರೆ ಮಿತಿ 91.2ಕ್ಕೆ ಬರುತ್ತದೆ, ಅದು ಪೂರ್ತಿ ಅತಿನೇರಳೆ.

ಮಿತಿಯಲ್ಲಿ ಒಂದು ಕೊನೆಯ ಗೆರೆ ಇರುತ್ತದೆ ಎಂದುಕೊಳ್ಳುವುದು ತಪ್ಪು. ಗೆರೆಗಳು ಅದರತ್ತ ಸಾಗುತ್ತವೆ, ಮುಟ್ಟುವುದಿಲ್ಲ. ಅದರಾಚೆಗೆ ಬಿಡಿ ಗೆರೆಗಳೇ ಇಲ್ಲ, ಏಕೆಂದರೆ ಬಿಡುಗಡೆಯಾದ ಎಲೆಕ್ಟ್ರಾನಿಗೆ ಎಷ್ಟು ಶಕ್ತಿಯಾದರೂ ಇರಬಹುದು. ಅಭಿಜಿತ್‌ನಂಥ ಬಿಳಿ ನಕ್ಷತ್ರದ ರೋಹಿತದಲ್ಲಿ ಈ ಮಿತಿಯ ಬಳಿ ಬೆಳಕು ಥಟ್ಟನೆ ತಗ್ಗುತ್ತದೆ: ಎರಡನೇ ಮಟ್ಟದಲ್ಲಿರುವ ಎಲೆಕ್ಟ್ರಾನುಗಳು ಅದಕ್ಕಿಂತ ಕಿರಿದಾದ ಯಾವ ತರಂಗಾಂತರವನ್ನೂ ಹೀರಬಲ್ಲವು.

ನಕ್ಷತ್ರಗಳಲ್ಲಿ ಗೆರೆಗಳು ಮಿತಿಗಿಂತ ಮೊದಲೇ ಒಂದರೊಳಗೊಂದು ಕಲೆತುಹೋಗುತ್ತವೆ. ಅನಿಲ ದಟ್ಟವಾದಷ್ಟೂ ಅಕ್ಕಪಕ್ಕದ ವಿದ್ಯುತ್ ಕಣಗಳು ಮೇಲಿನ ಮಟ್ಟಗಳನ್ನು ಹೆಚ್ಚು ಕದಡಿ ಗೆರೆಗಳನ್ನು ಅಗಲಿಸುವುದೇ ಇದಕ್ಕೆ ಕಾರಣ. ದಟ್ಟವಾದ ಶ್ವೇತಕುಬ್ಜದಲ್ಲಿ ಕೆಲವೇ ಗೆರೆಗಳು ಬಿಡಿಯಾಗಿ ಕಾಣುತ್ತವೆ, ತೆಳು ಹೊದಿಕೆಯ ದೈತ್ಯ ನಕ್ಷತ್ರದಲ್ಲಿ ಹೆಚ್ಚು. ಹೀಗೆ ಬಿಡಿಯಾಗಿ ಕಾಣುವ ಕೊನೆಯ ಗೆರೆ ಎಷ್ಟನೆಯದೆಂದು ಎಣಿಸಿಯೇ ಆ ನಕ್ಷತ್ರದ ಮೇಲ್ಪದರ ಎಷ್ಟು ದಟ್ಟವಾಗಿದೆ ಎಂದು ಖಗೋಳ ವಿಜ್ಞಾನಿಗಳು ಅಂದಾಜಿಸುತ್ತಾರೆ.