ಶಿವಮೊಗ್ಗದ ಭಾನುವಾರ, ಸ್ಯಾನ್ ಹೋಸೆಯ ಶನಿವಾರ

"ಅಮ್ಮ, ನಾಳೆ ಬೆಳಿಗ್ಗೆ ಎಂಟು ಗಂಟೆಗೆ ವಿಡಿಯೋ ಕಾಲ್ ಮಾಡ್ತೀವಿ." ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಮಗಳು ಹೀಗೊಂದು ಮೆಸೇಜು ಕಳಿಸಿದ್ದಾಳೆ ಎನ್ನಿ. ಬೇಸಿಗೆ ಕಾಲ. ಅವಳು ಬರೆಯುವಾಗ ಅಲ್ಲಿ ಶುಕ್ರವಾರ ರಾತ್ರಿ ಹತ್ತು, ಶಿವಮೊಗ್ಗದಲ್ಲಿ ಆಗಲೇ ಶನಿವಾರ ಬೆಳಿಗ್ಗೆ ಹತ್ತೂವರೆ. ಮಗಳ ನಾಳೆ ಶನಿವಾರ, ಅಮ್ಮನ ನಾಳೆ ಭಾನುವಾರ. ಅಜ್ಜಿ ಭಾನುವಾರ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಫೋನ್ ಮುಂದೆ ಕೂರುತ್ತಾರೆ. ಆದರೆ ಕಾಲ್ ಹಿಂದಿನ ರಾತ್ರಿ ಎಂಟೂವರೆಗೇ ಬಂದು ಹೋಗಿರುತ್ತದೆ. ಆಗ ಅಜ್ಜ ಅಜ್ಜಿ ಯಾರದೋ ಆರತಕ್ಷತೆಯಲ್ಲಿದ್ದರು. ಮೊಮ್ಮಗ ಕಾದು ಸಾಕಾಗಿ ಆಡಲು ಹೋದ.

ಲೆಕ್ಕ ಕಷ್ಟದ್ದಲ್ಲ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಹಾಗಾಗಿ ನಮ್ಮ ಗೋಡೆ ಗಡಿಯಾರ ನೋಡಿ ಅರ್ಧ ಗಂಟೆ ಕಳೆದು, ಬೆಳಿಗ್ಗೆಯನ್ನು ಸಂಜೆ ಮಾಡಿಕೊಂಡರೆ ಸಾಕು. ಇಲ್ಲಿ ಭಾನುವಾರ ಬೆಳಿಗ್ಗೆ 8 ಅಂದರೆ ಅಲ್ಲಿ ಶನಿವಾರ ಸಂಜೆ 7:30. ಚಳಿಗಾಲದಲ್ಲಿ ಅಂತರ ಹದಿಮೂರೂವರೆ ಗಂಟೆಯಾಗುವುದರಿಂದ ಅರ್ಧ ಗಂಟೆಯ ಬದಲು ಒಂದೂವರೆ ಗಂಟೆ ಕಳೆಯಬೇಕು. ನಮ್ಮ ಬೆಳಿಗ್ಗೆಗೆ ಅಲ್ಲಿ ಹಿಂದಿನ ದಿನ, ನಮ್ಮ ಸಂಜೆಗೆ ಅಲ್ಲಿ ಅದೇ ದಿನ.

ಎಡವುವುದು ಹೆಚ್ಚಾಗಿ ಮಾತಿನಲ್ಲಿ. ಇವತ್ತು, ನಾಳೆ, ನಾಡಿದ್ದು ಎನ್ನುವುದನ್ನು ಇಂಥ ಮೆಸೇಜಿನಿಂದ ತೆಗೆದುಹಾಕಬೇಕು. "ನಿಮ್ಮ ಟೈಮ್", "ನಮ್ಮ ಟೈಮ್" ಕೂಡ ಬೇಡ; ಅಜ್ಜಿ ಅದನ್ನೇ ಬೆಂಗಳೂರಿನ ಮಗನಿಗೆ ಫಾರ್ವರ್ಡ್ ಮಾಡಿದರೆ "ನಿಮ್ಮ" ಯಾರದು ಎಂದು ತಿಳಿಯುವುದಿಲ್ಲ. ನಡುರಾತ್ರಿ ದಾಟಿದ ಹೊತ್ತಂತೂ ಬೇಡವೇ ಬೇಡ. ನಮ್ಮ ಹಿರಿಯರಿಗೆ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ. ಶನಿವಾರ ರಾತ್ರಿ ಒಂದು ಗಂಟೆ ಎಂದು ಅವರು ಹೇಳುವುದು ಕ್ಯಾಲೆಂಡರಿನ ಪ್ರಕಾರ ಭಾನುವಾರವಾಗಿರುತ್ತದೆ. ಊರು, ವಾರ, ಹೊತ್ತು, ಗಂಟೆ ಈ ನಾಲ್ಕೂ ಇರುವ ಎರಡು ಸಾಲು ಸಾಕು:

ಶಿವಮೊಗ್ಗ: ಭಾನುವಾರ ಬೆಳಿಗ್ಗೆ 8 ಗಂಟೆ
ಸ್ಯಾನ್ ಹೋಸೆ: ಶನಿವಾರ ಸಂಜೆ 7:30

ಇದೇ ಮೆಸೇಜನ್ನು ಎರಡೂ ಮನೆಯವರು ಇಟ್ಟುಕೊಳ್ಳಲಿ. ಅಜ್ಜಿ ಮೊದಲ ಸಾಲು ಓದಿಕೊಂಡರಾಯಿತು, ಮಗಳು ಎರಡನೆಯದು. ಯಾರೂ ಲೆಕ್ಕ ಹಾಕಬೇಕಿಲ್ಲ.

ಇನ್ನು ವರ್ಷಕ್ಕೆರಡು ಸಲ ಬರುವ ತೊಡಕು. ಅಮೆರಿಕದ ಹೆಚ್ಚಿನ ಕಡೆ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದ್ದರಿಂದ ಒಂದು ಮನೆ ತನ್ನ ಹೊತ್ತನ್ನು ಒಂದು ಗಂಟೆ ಸರಿಸಲೇಬೇಕು. ಯಾರು ಸರಿಸಬೇಕೆಂದು ಮೊದಲೇ ಮಾತಾಡಿಕೊಳ್ಳಿ. ನನ್ನ ಪ್ರಕಾರ ಮಕ್ಕಳ ಕಡೆಯ 7:30 ಅಲುಗಾಡದಿರುವುದು ಮೇಲು. ಊಟ ಮುಗಿದು ನಿದ್ದೆ ಹತ್ತುವ ಮುಂಚಿನ ಅರ್ಧ ಗಂಟೆ ಸಣ್ಣ ಮಕ್ಕಳ ಮನೆಯಲ್ಲಿ ಸುಲಭಕ್ಕೆ ಜರುಗುವುದಿಲ್ಲ. ಅಜ್ಜ ಅಜ್ಜಿ ಬೇಸಿಗೆಯಲ್ಲಿ 8ಕ್ಕೂ ಚಳಿಗಾಲದಲ್ಲಿ 9ಕ್ಕೂ ಕೂತರಾಯಿತು.

ಹೊಸ ಹೊತ್ತು ಯಾವ ಭಾನುವಾರದಿಂದ ಎನ್ನುವಲ್ಲಿ ಬಹಳ ಜನ ತಪ್ಪುತ್ತಾರೆ. 2026ರಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ಬದಲಾಗುವುದು ಮಾರ್ಚ್ 8, ಭಾನುವಾರ ನಸುಕಿನ 2 ಗಂಟೆಗೆ. ಆಗ ಶಿವಮೊಗ್ಗದಲ್ಲಿ ಅದೇ ಭಾನುವಾರ ಮಧ್ಯಾಹ್ನ ಮೂರೂವರೆ. ನಾವು ಬೆಳಿಗ್ಗೆ ಮಾತಾಡುವಾಗ ಅಲ್ಲಿನ್ನೂ ಶನಿವಾರ, ಹಳೆಯ ಗಡಿಯಾರವೇ. ಹಾಗಾಗಿ ಮಾರ್ಚ್ 8ರಂದು ಎಂದಿನಂತೆ 9ಕ್ಕೆ ಕೂತು, 15ರಿಂದ 8ಕ್ಕೆ ಕೂರಬೇಕು. ನವೆಂಬರಿನಲ್ಲೂ ಹಾಗೆಯೇ: 1ನೇ ತಾರೀಖು 8ಕ್ಕೆ, 8ರಿಂದ 9ಕ್ಕೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾರ್ಚ್ 15 ಮತ್ತು ನವೆಂಬರ್ 8ರ ಚೌಕದಲ್ಲೇ ಹೊಸ ಗಂಟೆ ಬರೆದಿಡುವುದು ಒಳ್ಳೆಯದು.

ಫೋನಿನಲ್ಲಿ ನೋಡುವವರು ಗಡಿಯಾರದ ಆ್ಯಪಿನಲ್ಲಿ ಊರಿನ ಹೆಸರನ್ನೇ ಸೇರಿಸಿಕೊಳ್ಳಲಿ. ಸ್ಯಾನ್ ಹೋಸೆ ಸಿಗದಿದ್ದರೆ ಲಾಸ್ ಏಂಜಲೀಸ್ ಹಾಕಿದರೂ ಅದೇ ಸಮಯ. ಗೂಗಲ್‌ನಲ್ಲಿ PST ಎಂದು ಹುಡುಕಿ ನೋಡುವುದು ಬೇಡ. ಅದು ಚಳಿಗಾಲದ ಸಮಯದ ಹೆಸರು, ಬೇಸಿಗೆಯಲ್ಲಿ ಒಂದು ಗಂಟೆ ತಪ್ಪು ತೋರಿಸಬಹುದು.

ಇನ್ನೊಬ್ಬ ಮಗ ಲಂಡನ್ನಿನಲ್ಲಿದ್ದರೆ ಬೆಳಗಿನ ಎಂಟನ್ನು ಬಿಟ್ಟುಬಿಡಿ; ಆಗ ಅಲ್ಲಿ ನಸುಕು, ಮಕ್ಕಳು ಗಾಢ ನಿದ್ದೆಯಲ್ಲಿರುತ್ತಾರೆ. ಮೂರೂ ಮನೆ ಒಟ್ಟಿಗೆ ಸೇರುವುದಕ್ಕೆ ನಮ್ಮ ಭಾನುವಾರ ರಾತ್ರಿ 9 ಅನುಕೂಲ. ಬೇಸಿಗೆಯಲ್ಲಿ ಅದು ಲಂಡನ್ನಿಗೆ ಸಂಜೆ 4:30, ಕ್ಯಾಲಿಫೋರ್ನಿಯಾಕ್ಕೆ ಬೆಳಿಗ್ಗೆ 8:30. ಚಳಿಗಾಲದಲ್ಲಿ ಎರಡೂ ಕಡೆ ಒಂದೊಂದು ಗಂಟೆ ಮುಂಚೆ. ಮೂರು ಕಡೆಯೂ ಭಾನುವಾರವೇ ಆಗಿರುವುದರಿಂದ ವಾರದ ಗೊಂದಲವೂ ಇರುವುದಿಲ್ಲ.